‘ಕ’ಗೆ ಒಂದೇ ಬಿಟ್, ‘ಪ’ಗೆ ಮೂರು: ಯಾಕೆ ಹೀಗೆ?

ಪ್ರಶ್ನೆ: ಫೈಲ್ ಝಿಪ್ ಮಾಡುವಾಗ ಜಾಸ್ತಿ ಬರುವ ಅಕ್ಷರಕ್ಕೆ ಚಿಕ್ಕ ಬಿಟ್ ಕೋಡ್, ಅಪರೂಪದ ಅಕ್ಷರಕ್ಕೆ ಉದ್ದ ಕೋಡ್ ಕೊಡುತ್ತಾರೆ ಎಂದು ಓದಿದೆ. ಆದರೆ ಬಿಟ್‌ಗಳನ್ನೆಲ್ಲ ಒಂದಕ್ಕೊಂದು ಅಂಟಿಸಿ ಬರೆದರೆ ಒಂದು ಅಕ್ಷರ ಎಲ್ಲಿ ಮುಗಿಯಿತು ಅಂತ ಕಂಪ್ಯೂಟರ್‌ಗೆ ಹೇಗೆ ಗೊತ್ತಾಗುತ್ತದೆ? ಎಲ್ಲ ಅಕ್ಷರಕ್ಕೂ ಚಿಕ್ಕ ಕೋಡನ್ನೇ ಕೊಟ್ಟರೆ ಏನಾಗುತ್ತದೆ? ಕನ್ನಡಕ್ಕೂ ಇದು ಕೆಲಸ ಮಾಡುತ್ತದಾ?

ಉತ್ತರ: ‘ಅಕ್ಕಪಕ್ಕ’ ಎಂಬ ಪದವನ್ನೇ ತೆಗೆದುಕೊಳ್ಳೋಣ. ಕಣ್ಣಿಗೆ ಕಾಣುವುದು ನಾಲ್ಕೇ ಅಕ್ಷರ. ಕಂಪ್ಯೂಟರ್ ಒಳಗೆ ಅದು ಎಂಟು ಯೂನಿಕೋಡ್ ಸಂಕೇತ: ಅ, ಕ, ಹಲಂತ, ಕ, ಪ, ಕ, ಹಲಂತ, ಕ. ಒತ್ತಕ್ಷರ ಬರುವ ಕಡೆ ಎರಡು ‘ಕ’ ನಡುವೆ ಒಂದು ಹಲಂತ ಕೂತಿರುತ್ತದೆ. ಎಣಿಸಿದರೆ ‘ಕ’ ನಾಲ್ಕು ಸಲ, ಹಲಂತ ಎರಡು ಸಲ, ‘ಅ’ ಮತ್ತು ‘ಪ’ ಒಂದೊಂದು ಸಲ. ಲೆಕ್ಕ ಸರಾಗವಾಗಿ ಬರಲಿ ಅಂತಲೇ ಈ ಪದ ಆರಿಸಿದ್ದೇನೆ. ನಿಜವಾದ ಪಠ್ಯದಲ್ಲಿ ಎಣಿಕೆ ಇಷ್ಟು ಚೊಕ್ಕವಾಗಿ ಬರುವುದಿಲ್ಲ, ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಯುಟಿಎಫ್-8 ಫೈಲ್‌ನಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕು. ಎಂಟು ಸಂಕೇತಕ್ಕೆ 24 ಬೈಟ್, ಅಂದರೆ 192 ಬಿಟ್. ಆದರೆ ಇಲ್ಲಿ ಇರುವುದೇ ನಾಲ್ಕು ಬಗೆಯ ಸಂಕೇತ. 00, 01, 10, 11 ಎಂದು ತಲಾ ಎರಡು ಬಿಟ್ ಕೊಟ್ಟರೂ 16 ಬಿಟ್‌ನಲ್ಲಿ ಕೆಲಸ ಮುಗಿಯಿತು. ಅರ್ಧಕ್ಕರ್ಧ ಸಂಕೇತ ‘ಕ’ ಒಂದೇ ಆಗಿರುವಾಗ ಈ 16ನ್ನು ಇನ್ನೂ ಇಳಿಸಬಹುದಾ ಎಂಬುದು ಈಗಿನ ಮಾತು.

ಮೊದಲು ಎಲ್ಲರಿಗೂ ತೋಚುವ ದಾರಿಯನ್ನೇ ನೋಡೋಣ. ‘ಕ’ಗೆ 0, ಹಲಂತಕ್ಕೆ 1, ‘ಅ’ಗೆ 01, ‘ಪ’ಗೆ 10. ಒಟ್ಟು 10 ಬಿಟ್ ಆಯಿತು, ಎಷ್ಟು ಚೆನ್ನಾಗಿದೆ ಅಲ್ವಾ? ಈಗ ಇದನ್ನು ಓದಬೇಕಾದವರ ಜಾಗದಲ್ಲಿ ನಿಂತು ನೋಡಿ. ಅವರ ಕೈಗೆ 010 ಎಂದು ಬಂತು. 01 ಮತ್ತು 0 ಎಂದು ಬಿಡಿಸಿದರೆ ‘ಅಕ’. 0 ಮತ್ತು 10 ಎಂದು ಬಿಡಿಸಿದರೆ ‘ಕಪ’. 0, 1, 0 ಎಂದು ಬಿಡಿಸಿದರೆ ‘ಕ್ಕ’. ಮೂರೂ ಸರಿಯೇ. ಹಾಗಾಗಿ ಈ ಕೋಡ್ ಕೆಲಸಕ್ಕೆ ಬಾರದು.

ಮೋರ್ಸ್ ತಂತಿ ಸಂಕೇತದಲ್ಲೂ ಇದೇ ತೊಂದರೆ ಇತ್ತು. ಇಂಗ್ಲಿಷಿನ ‘ಇ’ಗೆ ಒಂದೇ ಚುಕ್ಕಿ, ‘ಟಿ’ಗೆ ಒಂದೇ ಗೆರೆ, ‘ಎ’ಗೆ ಚುಕ್ಕಿ ಮತ್ತು ಗೆರೆ. ಆದ್ದರಿಂದ ಅಕ್ಷರದ ನಡುವೆ ಸ್ವಲ್ಪ ಹೊತ್ತು ಸುಮ್ಮನಿರಬೇಕು ಎಂಬ ನಿಯಮ ಬೇಕಾಯಿತು. ಆ ಮೌನವೂ ಒಂದು ಸಂಕೇತವೇ. ಬಿಟ್‌ಗಳಲ್ಲಿ 0 ಮತ್ತು 1 ಬಿಟ್ಟರೆ ಬೇರೆ ಏನೂ ಇಲ್ಲ, ಖಾಲಿ ಜಾಗ ಬಿಡಲು ಆಗುವುದಿಲ್ಲ.

ಪ್ರಿಫಿಕ್ಸ್ ಕೋಡ್ ಇದಕ್ಕೆ ಒಂದೇ ಒಂದು ನಿಯಮದಿಂದ ಪರಿಹಾರ ಕೊಡುತ್ತದೆ. ಯಾವ ಅಕ್ಷರದ ಕೋಡ್ ಕೂಡ ಇನ್ನೊಂದು ಅಕ್ಷರದ ಕೋಡಿನ ಆರಂಭದ ತುಂಡು ಆಗಿರಬಾರದು. ನಮ್ಮ ಪದಕ್ಕೆ ಅಂಥ ಒಂದು ಕೋಡ್ ಹೀಗಿದೆ:

```
ಕ      0
ಹಲಂತ   10
ಅ      110
ಪ      111
```

ಈ ಕೋಡ್‌ನಲ್ಲಿ ‘ಅಕ್ಕಪಕ್ಕ’ ಬರೆದರೆ 11001001110100. ಎಡದಿಂದ ಓದುತ್ತಾ ಹೋಗಿ. 1 ಎಂಬ ಕೋಡ್ ಇಲ್ಲ, ಮುಂದೆ ಹೋಗಿ. 11 ಕೂಡ ಇಲ್ಲ. 110 ಇದೆ, ಅದು ‘ಅ’. ಇಲ್ಲಿಗೆ ನಿಲ್ಲಬೇಕಾ, ಇನ್ನೂ ಉದ್ದದ ಕೋಡ್ ಇರಬಹುದಾ ಎಂಬ ಅನುಮಾನವೇ ಬೇಡ. 110ರಿಂದ ಶುರುವಾಗುವ ಬೇರೆ ಕೋಡೇ ಇಲ್ಲ. ಮುಂದಿನ 0 ಎಂದರೆ ‘ಕ’. 10 ಹಲಂತ, 0 ‘ಕ’, 111 ‘ಪ’, 0 ‘ಕ’, 10 ಹಲಂತ, 0 ‘ಕ’. ಒಂದು ಕೋಡ್ ಪೂರ್ತಿಯಾದ ಕ್ಷಣವೇ ಅಕ್ಷರ ಮುಗಿಯಿತು ಎಂದು ಗೊತ್ತಾಗುತ್ತದೆ. ಹಿಂದೆ ತಿರುಗಿ ನೋಡುವುದು ಬೇಕಿಲ್ಲ, ಮುಂದೆ ಇಣುಕುವುದೂ ಬೇಕಿಲ್ಲ. ಒಟ್ಟು 14 ಬಿಟ್.

ಈಗ ನಿಮ್ಮ ಎರಡನೇ ಪ್ರಶ್ನೆ. ಎಲ್ಲರಿಗೂ ಚಿಕ್ಕ ಕೋಡ್ ಯಾಕೆ ಸಿಗುವುದಿಲ್ಲ ಎಂದರೆ ಹಂಚಲು ಇರುವ ಜಾಗವೇ ಸೀಮಿತ. ಒಂದು ಎಕರೆ ಜಮೀನು ಇದೆ ಅಂದುಕೊಳ್ಳಿ, 40 ಗುಂಟೆ. 0ಯಿಂದ ಶುರುವಾಗುವ ಎಲ್ಲ ಬಿಟ್ ಸಾಲುಗಳೂ ಒಂದು ಅರ್ಧ, 1ರಿಂದ ಶುರುವಾಗುವವೆಲ್ಲ ಇನ್ನೊಂದು ಅರ್ಧ. ‘ಕ’ಗೆ 0 ಎಂದು ಕೊಟ್ಟ ಕೂಡಲೇ 0ಯಿಂದ ಶುರುವಾಗುವ ಯಾವುದನ್ನೂ ಬೇರೆಯವರಿಗೆ ಕೊಡುವಂತಿಲ್ಲ. ಅಂದರೆ ‘ಕ’ ಒಂದೇ 20 ಗುಂಟೆ ತೆಗೆದುಕೊಂಡಿತು. ಎರಡು ಬಿಟ್ ಕೋಡ್‌ಗೆ 10 ಗುಂಟೆ, ಮೂರು ಬಿಟ್ ಕೋಡ್‌ಗೆ 5 ಗುಂಟೆ. ನಮ್ಮ ಕೋಡ್‌ನಲ್ಲಿ 20, 10, 5, 5, ಸರಿಯಾಗಿ 40 ಗುಂಟೆ. ಒಂದು ಚೂರೂ ಉಳಿದಿಲ್ಲ, ಒತ್ತುವರಿಯೂ ಇಲ್ಲ. ಮೊದಲಿನ ಕೆಟ್ಟ ಕೋಡ್‌ನಲ್ಲಿ ‘ಕ’ ಮತ್ತು ಹಲಂತ ಸೇರಿಯೇ 40 ಗುಂಟೆ ಮುಗಿಸಿದ್ದವು. ‘ಅ’ ಮತ್ತು ‘ಪ’ ಬೇರೆಯವರ ಜಮೀನಿನಲ್ಲಿ ಮನೆ ಕಟ್ಟಿಕೊಂಡಿದ್ದವು.

ಈ ಲೆಕ್ಕವನ್ನು 1949ರಲ್ಲಿ ಲಿಯೋನ್ ಕ್ರಾಫ್ಟ್ ಎಂಬುವರು ಎಂಐಟಿಯಲ್ಲಿ ತಮ್ಮ ಸ್ನಾತಕೋತ್ತರ ಪ್ರಬಂಧದಲ್ಲಿ ಬರೆದರು. ಅದಕ್ಕೇ ಅದನ್ನು ಕ್ರಾಫ್ಟ್ ಅಸಮಾನತೆ ಅನ್ನುತ್ತಾರೆ. ಪ್ರಿಫಿಕ್ಸ್ ನಿಯಮ ಪಾಲಿಸದೆಯೂ ಗೊಂದಲವಿಲ್ಲದೆ ಓದಬಹುದಾದ ಕೋಡ್‌ಗಳು ಇವೆ. ಆದರೆ ಅವೂ ಇದೇ 40 ಗುಂಟೆಯೊಳಗೇ ಇರಬೇಕು ಎಂದು 1956ರಲ್ಲಿ ಬ್ರಾಕ್‌ವೇ ಮ್ಯಾಕ್‌ಮಿಲನ್ ತೋರಿಸಿದರು. ಹಾಗಾಗಿ ಪ್ರಿಫಿಕ್ಸ್ ನಿಯಮ ಬಿಟ್ಟುಕೊಟ್ಟರೆ ಏನೂ ಲಾಭ ಇಲ್ಲ.

ಇನ್ನು ಉಳಿದದ್ದು ಹಂಚಿಕೆ. ಯಾರಿಗೆ ಎಷ್ಟು ಕೊಟ್ಟರೆ ಒಟ್ಟು ಬಿಟ್ ಅತಿ ಕಡಿಮೆ ಆಗುತ್ತದೆ? ರಾಬರ್ಟ್ ಫಾನೋ ಮೇಲಿನಿಂದ ಕೆಳಗೆ ಬರುವ ದಾರಿ ಹಿಡಿದರು. ಅವರ ವಿಧಾನ ಹೀಗೆ: ಅಕ್ಷರಗಳನ್ನು ಎಣಿಕೆಯ ಪ್ರಕಾರ ಸಾಲಾಗಿ ನಿಲ್ಲಿಸಿ, ಎರಡೂ ಕಡೆ ಹೆಚ್ಚು ಕಡಿಮೆ ಸಮ ಇರುವಂತೆ ಇಬ್ಭಾಗ ಮಾಡಿ, ಒಂದು ಭಾಗಕ್ಕೆ 0, ಇನ್ನೊಂದಕ್ಕೆ 1 ಕೊಡುವುದು. ಆಮೇಲೆ ಪ್ರತಿ ಭಾಗವನ್ನೂ ಹಾಗೇ ಸೀಳುತ್ತಾ ಹೋಗುವುದು. ಕೇಳಲು ಸರಿ ಅನ್ನಿಸುತ್ತದೆ. ಆದರೆ ಐದು ಅಕ್ಷರಗಳು 15, 7, 6, 6, 5 ಸಲ ಬಂದಿವೆ ಎಂದುಕೊಳ್ಳಿ. ಸಮವಾಗಿ ಸೀಳಿದರೆ 15 ಮತ್ತು 7 ಒಂದು ಕಡೆ, ಉಳಿದ ಮೂರು ಇನ್ನೊಂದು ಕಡೆ. ಕೊನೆಗೆ ಕೋಡ್ ಉದ್ದ 2, 2, 2, 3, 3 ಆಗಿ ಒಟ್ಟು 89 ಬಿಟ್ ಬೀಳುತ್ತದೆ. 15 ಸಲ ಬಂದದ್ದಕ್ಕೆ ಒಂದೇ ಬಿಟ್ ಕೊಟ್ಟು ಉಳಿದ ನಾಲ್ಕಕ್ಕೂ ಮೂರು ಮೂರು ಕೊಟ್ಟರೆ 87. ಮೇಲಿನಿಂದ ಸೀಳುವ ವಿಧಾನಕ್ಕೆ ಇದು ಕಾಣುವುದೇ ಇಲ್ಲ.

1951ರಲ್ಲಿ ಎಂಐಟಿಯಲ್ಲಿ ಫಾನೋ ಅವರ ತರಗತಿಯಲ್ಲಿ ಡೇವಿಡ್ ಹಫ್‌ಮನ್ ಎಂಬ ವಿದ್ಯಾರ್ಥಿ ಇದ್ದರು. ಪರೀಕ್ಷೆ ಬರೆಯಿರಿ, ಇಲ್ಲವೇ ಅತ್ಯುತ್ತಮ ಕೋಡ್ ಹುಡುಕುವ ಬಗ್ಗೆ ಪ್ರಬಂಧ ಕೊಡಿ ಎಂದು ಫಾನೋ ಆಯ್ಕೆ ಕೊಟ್ಟಿದ್ದರು. ಹಫ್‌ಮನ್ ಪ್ರಬಂಧ ಆರಿಸಿಕೊಂಡರು, ಸಮಸ್ಯೆಯನ್ನು ತಲೆಕೆಳಗು ಮಾಡಿದರು. ಮೇಲಿನಿಂದ ಸೀಳುವ ಬದಲು ಕೆಳಗಿನಿಂದ ಕೂಡಿಸಿದರು. 1952ರಲ್ಲಿ ಅದು ಪ್ರಕಟವಾಯಿತು.

ವಿಧಾನ ಇಷ್ಟೇ: ಅತಿ ಕಡಿಮೆ ಸಲ ಬಂದ ಎರಡನ್ನು ಹಿಡಿದು ಒಂದು ಜೋಡಿ ಮಾಡಿ, ಅವೆರಡರ ಮೊತ್ತವನ್ನು ಆ ಜೋಡಿಯ ಎಣಿಕೆ ಎಂದು ಬರೆದುಕೊಳ್ಳಿ. ಈಗ ಆ ಜೋಡಿಯೂ ಒಂದು ಅಕ್ಷರ ಇದ್ದ ಹಾಗೆ. ಮತ್ತೆ ಅತಿ ಕಡಿಮೆಯ ಎರಡನ್ನು ಹಿಡಿಯಿರಿ. ಎಲ್ಲ ಸೇರಿ ಒಂದೇ ಆಗುವವರೆಗೆ ಇದನ್ನೇ ಮಾಡುತ್ತಿರಿ. ನಮ್ಮ ಪದದಲ್ಲಿ ಮೊದಲು ‘ಅ’ (1) ಮತ್ತು ‘ಪ’ (1) ಕೂಡಿ 2. ಆ ಜೋಡಿ ಮತ್ತು ಹಲಂತ (2) ಕೂಡಿ 4. ಆ ಗುಂಪು ಮತ್ತು ‘ಕ’ (4) ಕೂಡಿ 8. ಈಗ ತುದಿಯಿಂದ ಕೆಳಗೆ ಇಳಿಯುತ್ತಾ ಪ್ರತಿ ಕವಲಿನಲ್ಲಿ ಒಂದು ಕಡೆಗೆ 0, ಇನ್ನೊಂದು ಕಡೆಗೆ 1 ಬರೆದರೆ ಮೇಲಿನ ಕೋಡೇ ಸಿಗುತ್ತದೆ. ಅಕ್ಷರಗಳೆಲ್ಲ ಕವಲಿನ ತುದಿಯಲ್ಲೇ ಇರುತ್ತವೆ, ಯಾವುದೂ ಇನ್ನೊಂದರ ದಾರಿಯ ಮಧ್ಯೆ ಕೂರುವುದಿಲ್ಲ. ಅದಕ್ಕೇ ಪ್ರಿಫಿಕ್ಸ್ ನಿಯಮ ತಾನಾಗಿಯೇ ಪಾಲನೆ ಆಗುತ್ತದೆ.

ಇದಕ್ಕಿಂತ ಕಡಿಮೆ ಸಾಧ್ಯವೇ ಇಲ್ಲ ಎಂದು ಹೇಗೆ ನಂಬುವುದು? ಯಾವುದೋ ಅತ್ಯುತ್ತಮ ಕೋಡ್ ನಿಮ್ಮ ಕೈಯಲ್ಲಿದೆ ಅಂದುಕೊಳ್ಳಿ. ಅದರಲ್ಲಿ ಅತಿ ಉದ್ದದ ಕೋಡ್ ಯಾವಾಗಲೂ ಜೋಡಿಯಾಗಿರುತ್ತದೆ. ಒಂಟಿಯಾಗಿದ್ದರೆ ಅದರ ಕೊನೆಯ ಬಿಟ್ ಸುಮ್ನೆ ದಂಡ, ಕಿತ್ತುಹಾಕಬಹುದಿತ್ತು. ಆ ಜೋಡಿಯ ಜಾಗದಲ್ಲಿ ಅತಿ ಅಪರೂಪದ ಎರಡು ಅಕ್ಷರ ಇಲ್ಲದಿದ್ದರೆ ಅದಲು ಬದಲು ಮಾಡಿ ನೋಡಿ. ಜಾಸ್ತಿ ಬರುವುದಕ್ಕೆ ಚಿಕ್ಕ ಕೋಡ್, ಕಡಿಮೆ ಬರುವುದಕ್ಕೆ ಉದ್ದ ಕೋಡ್ ಆಗುತ್ತದೆ. ಒಟ್ಟು ಮೊತ್ತ ಇಳಿಯುತ್ತದೆ ಅಥವಾ ಹಾಗೇ ಇರುತ್ತದೆ, ಏರುವುದಂತೂ ಇಲ್ಲ. ಆದ್ದರಿಂದ ಅಪರೂಪದ ಎರಡನ್ನು ಮೊದಲು ಜೋಡಿಸುವುದರಿಂದ ಎಂದೂ ನಷ್ಟ ಇಲ್ಲ. ಜೋಡಿಸಿದ ಮೇಲೆ ಉಳಿಯುವುದು ಒಂದು ಅಕ್ಷರ ಕಡಿಮೆ ಇರುವ ಅದೇ ಸಮಸ್ಯೆ. ಅಲ್ಲೂ ಇದೇ ವಾದ. ಇಡೀ ಸಾಧನೆ ಇಷ್ಟರಲ್ಲೇ ಮುಗಿಯುತ್ತದೆ, ನನಗೆ ಇದರಲ್ಲಿ ಬಹಳ ಇಷ್ಟವಾಗುವುದೂ ಅದೇ.

ಪ್ರತಿ ಸಲ ಕೂಡಿಸಿದಾಗ ಬಂದ ಮೊತ್ತಗಳನ್ನೇ ಕೂಡಿ ನೋಡಿ: 2 + 4 + 8 = 14. ಒಟ್ಟು ಬಿಟ್ ಕೂಡ ಅಷ್ಟೇ. ಇದು ಕಾಕತಾಳೀಯ ಅಲ್ಲ. ಪ್ರತಿ ಜೋಡಣೆಯೂ ಆ ಗುಂಪಿನ ಒಳಗಿರುವ ಎಲ್ಲ ಅಕ್ಷರಗಳ ಕೋಡ್‌ಗೆ ಒಂದೊಂದು ಬಿಟ್ ಸೇರಿಸುತ್ತದೆ. ಹಾಗಾಗಿ ಕೋಡ್ ಕಟ್ಟದೆಯೇ ಒಟ್ಟು ಎಷ್ಟು ಬಿಟ್ ಬೇಕು ಎಂದು ಲೆಕ್ಕ ಹಾಕಬಹುದು. ಪೈಥಾನ್ ಇದ್ದರೆ ನೀವೇ ನೋಡಿ:

```python
import heapq
from collections import Counter

def bits(data):
    h = list(Counter(data).values())
    heapq.heapify(h)
    total = 0
    while len(h) > 1:
        s = heapq.heappop(h) + heapq.heappop(h)
        total += s
        heapq.heappush(h, s)
    return total

t = "ಅಕ್ಕಪಕ್ಕ"
print(bits(t), bits(t.encode("utf-8")))
```

ಇದು ಎರಡು ಸಂಖ್ಯೆ ತೋರಿಸುತ್ತದೆ: 14 ಮತ್ತು 60. ನಿಮ್ಮ ಮೂರನೇ ಪ್ರಶ್ನೆಗೆ ಉತ್ತರ ಈ 60ರಲ್ಲಿದೆ.

ಝಿಪ್, ಜಿಝಿಪ್ ಮುಂತಾದವಕ್ಕೆ ‘ಕ’ ಗೊತ್ತಿಲ್ಲ, ಹಲಂತವೂ ಗೊತ್ತಿಲ್ಲ. ಅವು ನೋಡುವುದು ಬೈಟ್‌ಗಳನ್ನು. ನಮ್ಮ ನಾಲ್ಕು ಸಂಕೇತಗಳು ಬೈಟ್ ರೂಪದಲ್ಲಿ ಹೀಗಿರುತ್ತವೆ:

```
ಕ      E0 B2 95
ಹಲಂತ   E0 B3 8D
ಅ      E0 B2 85
ಪ      E0 B2 AA
```

ಕನ್ನಡದ ಯಾವ ಅಕ್ಷರ ತೆಗೆದರೂ ಮೊದಲ ಬೈಟ್ `E0`. ಎರಡನೆಯದು `B2` ಅಥವಾ `B3`. ‘ಅಕ್ಕಪಕ್ಕ’ದ 24 ಬೈಟ್‌ಗಳಲ್ಲಿ 8 ಸಲ `E0`ಯೇ ಬರುತ್ತದೆ. ಕನ್ನಡ ಓದುತ್ತಿದ್ದೇವೆ ಎಂದು ಗೊತ್ತಿದ್ದವರಿಗೆ ಅದರಿಂದ ಹೊಸದೇನೂ ತಿಳಿಯುವುದಿಲ್ಲ. ಆದರೂ ಹಫ್‌ಮನ್ ಕೋಡ್ ಅದಕ್ಕೆ ಬಿಟ್ ಖರ್ಚು ಮಾಡಲೇಬೇಕು. ಯಾಕೆಂದರೆ ಅದು ಪ್ರತಿ ಬೈಟನ್ನೂ ಒಂಟಿಯಾಗಿ ಎಣಿಸುತ್ತದೆ, ಅಕ್ಕಪಕ್ಕ ಏನಿದೆ ಎಂದು ನೋಡುವುದಿಲ್ಲ. ಎರಡು ಬೈಟ್ ಆದ ಮೇಲೆ ಮೂರನೆಯದು ಮತ್ತೆ `E0` ಆಗಿರುವುದಿಲ್ಲ ಎಂಬ ಸರಳ ಸಂಗತಿಯೂ ಅದಕ್ಕೆ ತಿಳಿಯದು. ಅದೇ ಪದ, ಅದೇ ವಿಧಾನ, ಎರಡೂ ಕಡೆ ‘ಅತ್ಯುತ್ತಮ’ ಕೋಡ್. ಒಂದು ಕಡೆ 14 ಬಿಟ್, ಇನ್ನೊಂದು ಕಡೆ 60. ಹಫ್‌ಮನ್ ಅತ್ಯುತ್ತಮ ಎನ್ನುವಾಗ ಈ ಷರತ್ತು ನೆನಪಿರಲಿ: ಯಾವುದನ್ನು ಒಂದು ಅಕ್ಷರ ಎಂದು ಎಣಿಸುತ್ತೀರಿ ಎಂಬುದನ್ನು ನೀವು ತೀರ್ಮಾನ ಮಾಡಿ ಕೊಟ್ಟ ಮೇಲಿನ ಮಾತು ಅದು.

ಹಾಗಂತ ಝಿಪ್‌ನಲ್ಲಿ ಕನ್ನಡ ಫೈಲ್‌ಗೆ ಅನ್ಯಾಯ ಆಗುತ್ತದೆ ಎಂದುಕೊಳ್ಳಬೇಡಿ. ಝಿಪ್, ಜಿಝಿಪ್, ಪಿಎನ್‌ಜಿ ಚಿತ್ರ ಇವುಗಳ ಒಳಗಿರುವುದು ಡಿಫ್ಲೇಟ್ ಎಂಬ ಪದ್ಧತಿ. ಅದು ಹಫ್‌ಮನ್‌ಗೆ ಕೊಡುವ ಮೊದಲು ಹಿಂದೆ ಬಂದ ತುಂಡು ಮತ್ತೆ ಬಂದಿದೆಯಾ ಎಂದು ಹುಡುಕುತ್ತದೆ. ಬಂದಿದ್ದರೆ ‘ಇಷ್ಟು ಬೈಟ್ ಹಿಂದೆ ಹೋಗಿ, ಇಷ್ಟು ಬೈಟ್ ನಕಲು ಮಾಡಿ’ ಎಂದಷ್ಟೇ ಬರೆಯುತ್ತದೆ. ಆ ತುಂಡು ಕನಿಷ್ಠ 3 ಬೈಟ್ ಇರಬೇಕು. ಕನ್ನಡದ ಒಂದು ಸಂಕೇತ ಸರಿಯಾಗಿ ಅಷ್ಟೇ. ‘ಅಲ್ಲಿ’, ‘ಗಳು’, ‘ಇದೆ’ ಥರದ ಮತ್ತೆ ಮತ್ತೆ ಬರುವ ತುಂಡುಗಳು ಮೊದಲು ಹೀಗೆ ಕರಗುತ್ತವೆ. ಉಳಿದ ಬೈಟ್‌ಗಳಿಗೂ ಈ ನಕಲು ಸೂಚನೆಗಳಿಗೂ ಆಮೇಲೆ ಹಫ್‌ಮನ್ ಕೋಡ್ ಬೀಳುತ್ತದೆ. ಸ್ವಲ್ಪ ದೊಡ್ಡ ಫೈಲ್ ಆದರೆ `E0`ಯ ಹೊರೆ ಬಹಳಷ್ಟು ಇಳಿಯುತ್ತದೆ.

ಪಾಠದಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ, ಆದರೆ ಕೈಯಾರೆ ಪ್ರೋಗ್ರಾಂ ಬರೆದವರು ಎಡವುವ ಒಂದು ಜಾಗ ಇದೆ. 14 ಬಿಟ್‌ಗಳನ್ನು ಡಿಸ್ಕಿಗೆ ಬರೆಯಲು ಆಗುವುದಿಲ್ಲ, ಬೈಟ್ ಲೆಕ್ಕದಲ್ಲೇ ಬರೆಯಬೇಕು. ಎರಡು ಬೈಟ್ ಅಂದರೆ 16 ಬಿಟ್. ಉಳಿದ ಎರಡನ್ನು 00 ಎಂದು ತುಂಬಿದಿರಿ ಅಂದುಕೊಳ್ಳಿ. ಬಿಡಿಸುವ ಪ್ರೋಗ್ರಾಂಗೆ 0 ಎಂದರೆ ‘ಕ’. ಅದು ನಿಷ್ಠೆಯಿಂದ ‘ಅಕ್ಕಪಕ್ಕಕಕ’ ಎಂದು ಓದುತ್ತದೆ. ನಿಮ್ಮ ಫೈಲಿನ ಕೊನೆಯಲ್ಲಿ ಅತಿ ಹೆಚ್ಚು ಬರುವ ಅಕ್ಷರವೇ ಒಂದೆರಡು ಸಲ ಸುಮ್ನೆ ಅಂಟಿಕೊಂಡಿದ್ದರೆ ಕಾರಣ ಬಹುಪಾಲು ಇದೇ. ಪರಿಹಾರ ಎರಡು. ಒಟ್ಟು ಎಷ್ಟು ಅಕ್ಷರ ಎಂದು ಮೊದಲೇ ಬರೆದಿಡಬಹುದು. ಅಥವಾ ‘ಇಲ್ಲಿಗೆ ಮುಗಿಯಿತು’ ಎನ್ನುವುದಕ್ಕೇ ಒಂದು ಕೋಡ್ ಕೊಡಬಹುದು. ಡಿಫ್ಲೇಟ್ ಎರಡನೆಯದನ್ನು ಮಾಡುತ್ತದೆ. ಬೈಟ್‌ಗಳಿಗೆ 0ಯಿಂದ 255ರವರೆಗೆ ಸಂಖ್ಯೆ, 256 ಎಂದರೆ ಮುಕ್ತಾಯ.

ಕೋಡ್ ಪಟ್ಟಿಯನ್ನೂ ಜೊತೆಗೆ ಕಳಿಸಬೇಕಲ್ಲ ಎಂದು ನಿಮಗೆ ಅನ್ನಿಸಿರಬಹುದು. ಹೌದು, 14 ಬಿಟ್‌ನ ಪದಕ್ಕೆ ಪಟ್ಟಿಯೇ ಪದಕ್ಕಿಂತ ದೊಡ್ಡದಾಗುತ್ತದೆ. ತೀರಾ ಚಿಕ್ಕ ಫೈಲ್ ಝಿಪ್ ಮಾಡಿದರೆ ಕೆಲವೊಮ್ಮೆ ದೊಡ್ಡದಾಗುವುದಕ್ಕೆ ಇಂಥ ಹೆಚ್ಚುವರಿ ಮಾಹಿತಿಯೇ ಕಾರಣ. ಪಟ್ಟಿಯನ್ನು ಚಿಕ್ಕದು ಮಾಡಲು ಒಂದು ಉಪಾಯ ಇದೆ. ಕೋಡ್‌ಗಳನ್ನು ಕಳಿಸುವುದೇ ಬೇಡ, ಅವುಗಳ ಉದ್ದ ಮಾತ್ರ ಕಳಿಸಿದರೆ ಸಾಕು. ಚಿಕ್ಕ ಕೋಡ್ ಮೊದಲು, ಒಂದೇ ಉದ್ದದವು ಯೂನಿಕೋಡ್ ಕ್ರಮದಲ್ಲಿ ಎಂದು ಇಬ್ಬರೂ ಒಪ್ಪಿಕೊಂಡರೆ ಮುಗಿಯಿತು. ‘ಕ’ 1, ಹಲಂತ 2, ‘ಅ’ 3, ‘ಪ’ 3 ಎಂದು ಕೇಳಿದವರು 0, 10, 110, 111 ಎಂದು ತಾವೇ ಬರೆದುಕೊಳ್ಳುತ್ತಾರೆ. ಡಿಫ್ಲೇಟ್ ಕೂಡ ಬೈಟ್‌ಗಳ ಮೇಲೆ ಹೀಗೇ ಮಾಡುತ್ತದೆ.

ಬಿಟ್ ಒಂದು ಕೆಟ್ಟರೆ ಏನಾಗುತ್ತದೆ ಎಂಬುದನ್ನೂ ನೋಡಿಬಿಡಿ. ನಮ್ಮ ಸಾಲಿನ ಮೊದಲ 1 ಅಕಸ್ಮಾತ್ 0 ಆಯಿತು ಎನ್ನಿ: 01001001110100. ಈಗ ಓದಿದರೆ ಕ, ಹಲಂತ, ಕ, ಹಲಂತ, ಕ, ಪ, ಕ, ಹಲಂತ, ಕ. ಎಂಟು ಸಂಕೇತ ಇದ್ದದ್ದು ಒಂಬತ್ತಾಯಿತು. ಸ್ವಲ್ಪ ದೂರ ಹೋದ ಮೇಲೆ ಓದು ಮತ್ತೆ ಸರಿದಾರಿಗೆ ಬಂತು, ಆದರೆ ನಡುವೆ ತಪ್ಪಾಗಿದೆ ಎಂದು ಕೋಡ್ ತಾನಾಗಿ ಹೇಳಲೇ ಇಲ್ಲ. 40 ಗುಂಟೆಯೂ ತುಂಬಿರುವ ಕೋಡ್‌ನಲ್ಲಿ ಅರ್ಥವಿಲ್ಲದ ಬಿಟ್ ಸಾಲು ಎಂಬುದೇ ಇರುವುದಿಲ್ಲ, ಯಾವ ಸಾಲು ಕೊಟ್ಟರೂ ಏನೋ ಒಂದು ಓದುತ್ತದೆ. ಅದಕ್ಕೇ ಜಿಝಿಪ್ ಫೈಲಿನ ಕೊನೆಯಲ್ಲಿ ಸಿಆರ್‌ಸಿ-32 ಎಂಬ ತಾಳೆ ಸಂಖ್ಯೆ ಬೇರೆಯಾಗಿ ಇಟ್ಟಿರುತ್ತಾರೆ.

ಕೊನೆಯದಾಗಿ, ಚೊಕ್ಕ ಲೆಕ್ಕದ ವಿಷಯ. ನಮ್ಮ ಪದದಲ್ಲಿ ‘ಕ’ ಸರಿಯಾಗಿ ಅರ್ಧ ಭಾಗ, ಅದಕ್ಕೆ ಒಂದು ಬಿಟ್ ಸರಿಹೊಂದಿತು. ಹಲಂತ ಕಾಲು ಭಾಗ, ಎರಡು ಬಿಟ್. ಎಣಿಕೆಯ ಪ್ರಮಾಣ ಗೊತ್ತಿದ್ದರೆ ಸರಾಸರಿ ಕನಿಷ್ಠ ಎಷ್ಟು ಬಿಟ್ ಬೇಕೇ ಬೇಕು ಎಂದು ಕ್ಲಾಡ್ ಶಾನನ್ ತೋರಿಸಿದ್ದರು, ಆ ಲೆಕ್ಕದ ಮಿತಿಯೂ ಇಲ್ಲಿ 14 ಬಿಟ್ಟೇ. ಆದರೆ ಒಂದು ಅಕ್ಷರ ನೂರಕ್ಕೆ 90 ಸಲ, ಇನ್ನೊಂದು 10 ಸಲ ಬರುತ್ತದೆ ಎಂದುಕೊಳ್ಳಿ. ಶಾನನ್ ಲೆಕ್ಕದ ಪ್ರಕಾರ ಅಕ್ಷರಕ್ಕೆ ಸರಾಸರಿ ಸುಮಾರು 0.47 ಬಿಟ್ ಸಾಕು. ಪ್ರಿಫಿಕ್ಸ್ ಕೋಡ್ ಒಂದು ಬಿಟ್‌ಗಿಂತ ಚಿಕ್ಕದಾಗಲು ಸಾಧ್ಯವಿಲ್ಲ, ಆದ್ದರಿಂದ ಎರಡಕ್ಕೂ ಒಂದೊಂದು ಬಿಟ್ ಕೊಡಬೇಕು. ಉಳಿತಾಯ ಸೊನ್ನೆ. ಎರಡೆರಡು ಅಕ್ಷರ ಜೋಡಿಸಿ ಒಂದು ಎಂದು ಎಣಿಸಿದರೆ, ಮತ್ತು ಒಂದು ಅಕ್ಷರಕ್ಕೂ ಪಕ್ಕದ್ದಕ್ಕೂ ಸಂಬಂಧ ಇಲ್ಲದಿದ್ದರೆ, ಜೋಡಿಗಳು 81, 9, 9, 1ರ ಪ್ರಮಾಣದಲ್ಲಿ ಬರುತ್ತವೆ. ಕೋಡ್ ಉದ್ದ 1, 2, 3, 3. ಜೋಡಿಗೆ ಸರಾಸರಿ 1.29 ಬಿಟ್, ಒಂದು ಅಕ್ಷರಕ್ಕೆ ಸುಮಾರು 0.65. ಮೂರು ಮೂರು ಸೇರಿಸಿದರೆ ಇನ್ನೂ ಇಳಿಯುತ್ತದೆ, ಆದರೆ ಪಟ್ಟಿ ಬೆಳೆಯುತ್ತಾ ಹೋಗುತ್ತದೆ. ಪ್ರತಿ ಅಕ್ಷರಕ್ಕೂ ಬೇರೆ ಕೋಡ್ ಎಂಬುದನ್ನೇ ಬಿಟ್ಟು, ಇಡೀ ಸಾಲಿಗೆ ಒಂದೇ ಸಂಖ್ಯೆ ಕೊಡುವ ಅರಿತ್ಮೆಟಿಕ್ ಕೋಡಿಂಗ್ ಎಂಬ ವಿಧಾನ ಈ ಕೊರತೆಯನ್ನು ಹೆಚ್ಚು ಕಡಿಮೆ ಪೂರ್ತಿ ತುಂಬುತ್ತದೆ. ಅದಕ್ಕೆ ಪ್ರತಿ ಅಕ್ಷರಕ್ಕೂ ಜಾಸ್ತಿ ಲೆಕ್ಕ ಬೇಕು. ಪಟ್ಟಿ ನೋಡಿ ಅಕ್ಷರ ಬರೆಯುವಷ್ಟೇ ಕೆಲಸ ಇರುವ ಹಫ್‌ಮನ್ ಕೋಡ್ ಡಿಫ್ಲೇಟ್‌ನಲ್ಲಿ ಇವತ್ತಿಗೂ ಹಾಗೇ ಇದೆ.